ಭುಜದ ಎಂಆರ್‌ಐ ವರದಿ ಓದುವುದು ಹೇಗೆ: ‘ಫುಲ್ ಥಿಕ್‌ನೆಸ್’ ಎಂದರೆ ಪೂರ್ತಿ ತುಂಡಾಗಿದೆ ಎಂದಲ್ಲ

ವಾರಕ್ಕೆ ಮೂರು ಸಂಜೆ ಬ್ಯಾಡ್ಮಿಂಟನ್ ಡಬಲ್ಸ್ ಆಡುವ 46 ವರ್ಷದ ಆಟಗಾರರೊಬ್ಬರು ವರದಿಯ ಲಕೋಟೆ ಹಿಡಿದು ನನ್ನ ಮುಂದೆ ಕುಳಿತಿದ್ದರು. ನಾಲ್ಕು ತಿಂಗಳಿಂದ ಬಲ ಭುಜದಲ್ಲಿ ನೋವು. ಸ್ಮ್ಯಾಷ್ ಹೊಡೆಯುವಾಗ ಚುಚ್ಚುತ್ತದೆ, ಆ ಮಗ್ಗುಲಿಗೆ ಮಲಗಿದರೆ ಎಚ್ಚರವಾಗುತ್ತದೆ. ವರದಿಯಲ್ಲಿ ‘ಫುಲ್ ಥಿಕ್‌ನೆಸ್ ಟೇರ್’ ಎಂಬ ಸಾಲಿನ ಕೆಳಗೆ ಅವರೇ ಪೆನ್ನಿನಿಂದ ಎರಡು ಗೆರೆ ಎಳೆದಿದ್ದರು. ‘ಪೂರ್ತಿ ಕಿತ್ತುಹೋಗಿದೆ ಅಂತ ತಾನೇ ಡಾಕ್ಟರೇ? ಜೊತೆಗಾರನದು ಬರೀ ಪಾರ್ಷಿಯಲ್ ಅಂತೆ, ಅವನು ಪಾರಾದ’ ಎಂದರು. ಈ ವರದಿಗಳನ್ನು ಬರೆಯುವ ರೇಡಿಯಾಲಜಿಸ್ಟ್ ನಾನು. ಅವರ ಎರಡು ಮಾತೂ ತಪ್ಪಾಗಿದ್ದವು. ತಪ್ಪು ಅವರದಲ್ಲ, ನಾವು ಬಳಸುವ ಪದಗಳೇ ಹಾಗೆ ದಾರಿ ತಪ್ಪಿಸುತ್ತವೆ.

ಆ ವರದಿಯನ್ನೇ ಮುಂದಿಟ್ಟುಕೊಂಡು ಓದೋಣ. ಅದರ ಮುಖ್ಯ ಸಾಲುಗಳ ಸಾರ ಇಷ್ಟು: ಸುಪ್ರಾಸ್ಪೈನೇಟಸ್ ಸ್ನಾಯುರಜ್ಜುವಿನ ಮುಂಭಾಗದಲ್ಲಿ, ಮೂಳೆಗೆ ಅಂಟಿಕೊಳ್ಳುವ ಜಾಗದ ಬಳಿ, ಫುಲ್ ಥಿಕ್‌ನೆಸ್ ಟೇರ್. ಮುಂದಿನಿಂದ ಹಿಂದಕ್ಕೆ 8 ಮಿ.ಮೀ. ರಿಟ್ರ್ಯಾಕ್ಷನ್ 6 ಮಿ.ಮೀ. ಮೇಲಿನ ಬರ್ಸಾದಲ್ಲಿ ದ್ರವ. ಸ್ನಾಯು ಸೊರಗಿಲ್ಲ, ಕೊಬ್ಬು ತುಂಬಿಲ್ಲ.

ಮೊದಲು: ಯಾವ ರಜ್ಜು, ಯಾವ ಮುಖ

ತೋಳಿನ ಮೂಳೆಯ ಗುಂಡಾದ ತಲೆಯನ್ನು ನಾಲ್ಕು ಸ್ನಾಯುಗಳ ರಜ್ಜುಗಳು ಸುತ್ತಲಿಂದ ತಬ್ಬಿ ಹಿಡಿದಿರುತ್ತವೆ. ಅದೇ ರೊಟೇಟರ್ ಕಫ್. ಮುಂದೆ ಸಬ್‌ಸ್ಕ್ಯಾಪುಲಾರಿಸ್, ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೀಸ್ ಮೈನರ್. ಹೆಚ್ಚಾಗಿ ಹರಿಯುವುದು ಮೇಲಿನದು. ಹೆಗಲ ತುದಿಯ ಮೂಳೆಯ ಅಡಿಯಿಂದ ನುಸುಳಿ ಬಂದು ತೋಳಿನ ಮೂಳೆಯ ಉಬ್ಬಿಗೆ ಅಂಟಿಕೊಳ್ಳುವ ಈ ರಜ್ಜು ಹಗ್ಗದಂತೆ ದುಂಡಗಿಲ್ಲ, ದಪ್ಪ ಕಂಬಳಿಯ ಪಟ್ಟಿಯಂತೆ ಅಗಲವಾಗಿದೆ. ಅಂಟುವ ಜಾಗದಲ್ಲಿ ಅದರ ದಪ್ಪ ಸುಮಾರು 10ರಿಂದ 12 ಮಿ.ಮೀ.

ಕಂಬಳಿಗೆ ಎರಡು ಮುಖ. ಕೆಳಗಿನದು ಕೀಲಿನ ಕಡೆಗೆ, ವರದಿಯಲ್ಲಿ ಅದು ‘ಆರ್ಟಿಕ್ಯುಲರ್ ಸರ್ಫೇಸ್’. ಮೇಲಿನದು ಬರ್ಸಾ ಎಂಬ ತೆಳು ದ್ರವಚೀಲದ ಕಡೆಗೆ, ಅದು ‘ಬರ್ಸಲ್ ಸರ್ಫೇಸ್’. ಒಂದು ಮುಖ ಮಾತ್ರ ಸವೆದು ಎಳೆಗಳು ಹರಿದಿದ್ದು ಇನ್ನೊಂದು ಮುಖ ಗಟ್ಟಿಯಾಗಿಯೇ ಉಳಿದಿದ್ದರೆ ಅದು ಪಾರ್ಷಿಯಲ್ ಥಿಕ್‌ನೆಸ್. ಎರಡೂ ಮುಖ ಗಟ್ಟಿಯಾಗಿದ್ದು ನಡುವಿನ ಎಳೆಗಳಷ್ಟೇ ಬಿಟ್ಟುಕೊಂಡಿದ್ದರೆ ‘ಇಂಟ್ರಾಸಬ್‌ಸ್ಟೆನ್ಸ್’ ಎಂದು ಬರೆಯುತ್ತೇವೆ, ಅದೂ ಪಾರ್ಷಿಯಲ್ಲೇ. ಮೇಲಿನ ಮುಖದಿಂದ ಕೆಳಗಿನ ಮುಖದವರೆಗೆ ತೂತು ಬಿದ್ದಿದ್ದರೆ ಫುಲ್ ಥಿಕ್‌ನೆಸ್.

ಈ ಮಾತು ಬರೀ ಆಳದ್ದು. ಕಂಬಳಿಯ ಮಧ್ಯೆ ಬೆರಳು ತೂರುವಷ್ಟು ತೂತಾದರೂ ಅದು ಫುಲ್ ಥಿಕ್‌ನೆಸ್ಸೇ, ಇಡೀ ಅಂಚು ಕಿತ್ತುಬಂದರೂ ಫುಲ್ ಥಿಕ್‌ನೆಸ್ಸೇ. ಅಂಚಿನಿಂದ ಅಂಚಿಗೆ ಪೂರಾ ಬಿಟ್ಟಿದ್ದನ್ನು ಸೂಚಿಸಲು ‘ಫುಲ್ ವಿಡ್ತ್’ ಅಥವಾ ‘ಕಂಪ್ಲೀಟ್’ ಎಂಬ ಮಾತು ಬೇರೆಯಾಗಿ ಬರುತ್ತದೆ. ಕೆಲವರು ‘ಕಂಪ್ಲೀಟ್’ ಪದವನ್ನು ಫುಲ್ ಥಿಕ್‌ನೆಸ್‌ಗೇ ಬಳಸಿಬಿಡುವುದೂ ಉಂಟು. ಹಾಗಾಗಿ ಪದದ ಮೇಲೆ ನಿಲ್ಲದೆ ಮುಂದಿರುವ ಮಿಲಿಮೀಟರುಗಳನ್ನು ನೋಡಬೇಕು.

ಆಮೇಲೆ: ಅಳತೆಗಳು ಯಾವ ದಿಕ್ಕಿನವು

ಪಾರ್ಷಿಯಲ್ ಎಂದಿದ್ದರೆ ಹುಡುಕಬೇಕಾದದ್ದು ಆಳ. 3 ಮಿ.ಮೀ.ಗಿಂತ ಕಡಿಮೆ ಎಂದರೆ ದಪ್ಪದ ಕಾಲುಭಾಗದೊಳಗೆ, 3ರಿಂದ 6 ಮಿ.ಮೀ. ಎಂದರೆ ಅರ್ಧದೊಳಗೆ, 6 ದಾಟಿದರೆ ಅರ್ಧಕ್ಕಿಂತ ಹೆಚ್ಚು. ಈ ಕೊನೆಯದನ್ನೇ ‘ಹೈ ಗ್ರೇಡ್’ ಎನ್ನುವುದು. ಅರ್ಧ ಎಂಬ ಗೆರೆ ಶಸ್ತ್ರವೈದ್ಯರ ಲೆಕ್ಕಾಚಾರದಲ್ಲಿ ಮುಖ್ಯ. ಅದರೊಳಗಿದ್ದರೆ ಸಾಮಾನ್ಯವಾಗಿ ವ್ಯಾಯಾಮ ಚಿಕಿತ್ಸೆಯೇ ಮೊದಲು. ದಾಟಿದ್ದು ತಿಂಗಳುಗಟ್ಟಲೆ ವ್ಯಾಯಾಮಕ್ಕೂ ಬಗ್ಗದಿದ್ದರೆ ಹೊಲಿಗೆಯ ಮಾತು ಬರುತ್ತದೆ.

ನಮ್ಮ ಆಟಗಾರರ ಜೊತೆಗಾರನ ವರದಿಯನ್ನೂ ಆಮೇಲೆ ನೋಡಿದೆ. ಬರ್ಸಲ್ ಮುಖದಲ್ಲಿ ದಪ್ಪದ ಶೇಕಡಾ 70ರಷ್ಟು ಹರಿದಿತ್ತು, ಅಗಲವೂ ಹೆಚ್ಚಿತ್ತು. ‘ಬರೀ ಪಾರ್ಷಿಯಲ್’ ಎಂದು ಸಮಾಧಾನಪಟ್ಟ ಆ ಭುಜದಲ್ಲಿ ಉಳಿದದ್ದು ತೆಳುವಾದ ಒಂದು ಪದರ. ಇಂತಹ ಅಗಲವಾದ ಆಳದ ಪಾರ್ಷಿಯಲ್ ಹರುಕು ಸಣ್ಣ ಫುಲ್ ಥಿಕ್‌ನೆಸ್ ತೂತಿಗಿಂತ ಹೆಚ್ಚು ಕಾಡಬಹುದು.

ಫುಲ್ ಥಿಕ್‌ನೆಸ್ ಎಂದಿದ್ದರೆ ಆಳದ ಪ್ರಶ್ನೆ ಮುಗಿಯಿತು, ಇನ್ನು ಅಗಲ ಮತ್ತು ಹಿಂಜರಿತ. ಮುಂದಿನಿಂದ ಹಿಂದಕ್ಕೆ ಅಳೆದದ್ದು ಅಗಲ, ವರದಿಯಲ್ಲಿ ‘ಎಪಿ ಡೈಮೆನ್ಷನ್’ ಎಂದಿರುತ್ತದೆ. 1 ಸೆಂ.ಮೀ. ಒಳಗಿದ್ದರೆ ಸಣ್ಣದು, 1ರಿಂದ 3 ಮಧ್ಯಮ, 3ರಿಂದ 5 ದೊಡ್ಡದು, 5 ಮೀರಿದರೆ ಅತಿದೊಡ್ಡದು. ರಿಟ್ರ್ಯಾಕ್ಷನ್ ಎಂದರೆ ಹರಿದ ತುದಿ ಮೂಳೆಯಿಂದ ಬಿಟ್ಟು ಒಳಗಡೆಗೆ ಎಷ್ಟು ಸರಿದಿದೆ ಎಂಬುದು. ನಮ್ಮವರದು 8 ಮಿ.ಮೀ. ಅಗಲ, 6 ಮಿ.ಮೀ. ಹಿಂಜರಿತ: ಸಣ್ಣ ತೂತು, ತುದಿ ತನ್ನ ಜಾಗದ ಪಕ್ಕದಲ್ಲೇ ಇದೆ. ಅದರ ಹಿಂದಿನ ಎಳೆಗಳು ಮೂಳೆಯನ್ನು ಹಿಡಿದೇ ಇವೆ, ಅದಕ್ಕೇ ಅವರು ಕೈಯನ್ನು ತಲೆಯ ಮೇಲಕ್ಕೆ ಎತ್ತಬಲ್ಲವರಾಗಿದ್ದರು.

ಕೊನೆಯ ಸಾಲನ್ನು ಬಿಡಬೇಡಿ

ಎಲ್ಲರೂ ಹಾರಿಸಿ ಓದುವ ಸಾಲು ಸ್ನಾಯುವಿನದು. ನನ್ನ ದೃಷ್ಟಿಯಲ್ಲಿ ತೂತಿನ ಅಳತೆಯಷ್ಟೇ ತೂಕ ಅದಕ್ಕಿದೆ. ರಜ್ಜು ಬಿಟ್ಟುಹೋದ ಸ್ನಾಯು ಕೆಲಸವಿಲ್ಲದೆ ಸೊರಗುತ್ತದೆ, ಕಾಲ ಕಳೆದಂತೆ ಎಳೆಗಳ ನಡುವೆ ಕೊಬ್ಬು ಸೇರುತ್ತದೆ. ಇದನ್ನು ಗೂಟಾಲಿಯೆ ಎಂಬ ಶ್ರೇಣಿಯಲ್ಲಿ 0ಯಿಂದ 4ರವರೆಗೆ ಬರೆಯುತ್ತಾರೆ. 0 ಎಂದರೆ ಕೊಬ್ಬಿಲ್ಲ, 1 ಎಂದರೆ ಅಲ್ಲೊಂದು ಇಲ್ಲೊಂದು ಗೆರೆ, 2ರಲ್ಲಿ ಕೊಬ್ಬಿದ್ದರೂ ಸ್ನಾಯುವೇ ಹೆಚ್ಚು, 3ರಲ್ಲಿ ಎರಡೂ ಸಮ, 4ರಲ್ಲಿ ಕೊಬ್ಬೇ ಹೆಚ್ಚು. 3 ಅಥವಾ 4 ಕಂಡರೆ ಹರುಕು ಹಳೆಯದು ಎಂದು ಊಹಿಸಬಹುದು. ಹೊಲಿದರೂ ಅದು ಕೂಡಿಕೊಳ್ಳುವ ಸಾಧ್ಯತೆ ತಗ್ಗುತ್ತದೆ, ಸೇರಿದ ಕೊಬ್ಬು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ನಮ್ಮ ಆಟಗಾರರದು 0. ಅವರ ಇಡೀ ವರದಿಯಲ್ಲಿ ಗೆರೆ ಎಳೆಯಬೇಕಿದ್ದ ಸಾಲು ಅದು.

ವರದಿ ಎಲ್ಲಿ ಎಡವುತ್ತದೆ

ಕೆಲವು ಎಂಆರ್‌ಐ ಚಿತ್ರಗಳಲ್ಲಿ ದ್ರವ ಬೆಳ್ಳಗೆ ಹೊಳೆಯುತ್ತದೆ, ಆರೋಗ್ಯವಂತ ರಜ್ಜು ಕಪ್ಪಗಿರುತ್ತದೆ. ಕಪ್ಪು ಪಟ್ಟಿಯ ನಡುವೆ ದ್ರವದಷ್ಟೇ ಬಿಳುಪಾದ ಗೆರೆ ಕಂಡರೆ ಹರುಕು ಎನ್ನುತ್ತೇವೆ. ಬೂದುಬಣ್ಣದ ಮಸುಕಷ್ಟೇ ಇದ್ದರೆ ‘ಟೆಂಡಿನೋಸಿಸ್’, ಅಂದರೆ ಎಳೆಗಳು ಬಳಲಿವೆ, ಹರಿದಿಲ್ಲ. ಇವೆರಡರ ನಡುವಿನ ಬಣ್ಣ ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ. ಅಲ್ಲದೆ, ರಜ್ಜುವಿನ ಎಳೆಗಳು ಯಂತ್ರದ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾಗಿರುವ ಜಾಗದಲ್ಲಿ ಚಿತ್ರ ಸುಳ್ಳೇ ಬೆಳಗುತ್ತದೆ. ಸುಪ್ರಾಸ್ಪೈನೇಟಸ್ ಬಾಗಿ ಇಳಿಯುವ ತಿರುವಿನಲ್ಲೇ ಇದು ಆಗುವುದು. ಟಿ2 ಎಂಬ ಬಗೆಯ ಚಿತ್ರದಲ್ಲಿ ಆ ಬೆಳಕು ಮಾಯವಾದರೆ ಅದು ಹರುಕಲ್ಲ.

ಆದ್ದರಿಂದ ಫುಲ್ ಥಿಕ್‌ನೆಸ್ ಗುರುತಿಸುವಾಗ ಇರುವಷ್ಟು ಖಚಿತತೆ ಪಾರ್ಷಿಯಲ್ ವಿಷಯದಲ್ಲಿ ಎಂಆರ್‌ಐಗೆ ಇಲ್ಲ. ಆಳದ ಪಾರ್ಷಿಯಲ್ ಹರುಕನ್ನು ಒಬ್ಬರು ತೂತೆಂದೂ, ಸೂಜಿಮೊನೆಯಷ್ಟು ತೂತನ್ನು ಇನ್ನೊಬ್ಬರು ಪಾರ್ಷಿಯಲ್ ಎಂದೂ ಓದಬಹುದು. ತೂತು ನಿಜವಾಗಿದ್ದರೆ ಕೀಲಿನ ದ್ರವ ಅದರ ಮೂಲಕ ಮೇಲಿನ ಬರ್ಸಾಕ್ಕೆ ಹಾದುಹೋಗುವ ದಾರಿ ಚಿತ್ರದಲ್ಲಿ ಕಾಣಬೇಕು. ನಮ್ಮವರ ಚಿತ್ರದಲ್ಲಿ ಅಕ್ಕಪಕ್ಕದ ಎರಡು ಪದರಗಳಲ್ಲಿ ಅದು ಬಿಳಿ ದಾರದಂತೆ ಕಾಣುತ್ತಿತ್ತು. ಬರ್ಸಾದಲ್ಲಿ ದ್ರವ ಮಾತ್ರ ಇದ್ದು ದಾರಿ ಕಾಣದಿದ್ದರೆ ಅದು ಬರೀ ಉರಿಯೂತವಿರಬಹುದು. ಅನುಮಾನ ಉಳಿದು, ಉತ್ತರದಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಮಾತ್ರ ಕೀಲಿಗೆ ಕಾಂಟ್ರಾಸ್ಟ್ ದ್ರವ ಚುಚ್ಚಿ ತೆಗೆಯುವ ಎಂಆರ್ ಆರ್ಥ್ರೋಗ್ರಾಂ ಕೇಳುತ್ತಾರೆ. ಕೀಲಿನ ಮುಖದ ಹರುಕು ಅದರಲ್ಲಿ ಹೆಚ್ಚು ಸ್ಪಷ್ಟ.

ಬ್ಯಾಡ್ಮಿಂಟನ್‌ನಂತೆ ತಲೆಯ ಮೇಲಿಂದ ಹೊಡೆಯುವ ಆಟದವರಲ್ಲಿ ಇನ್ನೊಂದು ಬಗೆಯೂ ಕಾಣುತ್ತದೆ. ಸ್ಮ್ಯಾಷ್‌ಗೆ ಕೈ ಹಿಂದಕ್ಕೆ ಎಳೆದ ಕ್ಷಣದಲ್ಲಿ ರಜ್ಜುವಿನ ಒಳಮುಖ ಕೀಲುಗುಣಿಯ ಹಿಂಬದಿಯ ಅಂಚಿಗೆ ಒತ್ತಿಕೊಳ್ಳುತ್ತದೆ. ಸುಪ್ರಾಸ್ಪೈನೇಟಸ್‌ನ ಹಿಂಭಾಗ ಮತ್ತು ಇನ್‌ಫ್ರಾಸ್ಪೈನೇಟಸ್‌ನ ಮುಂಭಾಗ ಕೂಡುವಲ್ಲಿ ಒಳಮುಖದ ಪಾರ್ಷಿಯಲ್ ಹರುಕು ಬರೆದಿದ್ದರೆ, ಭುಜದ ಹಿಂಬದಿಯ ನೋವಿಗೆ ಅದು ಹೊಂದುತ್ತದೆಯೇ ಎಂದು ಕೇಳಿ.

ಕಾಗದದಿಂದ ಕೈಗೆ

ನೋವೇ ಇಲ್ಲದವರ ಭುಜಗಳಲ್ಲೂ, ವಯಸ್ಸಾದಂತೆ ಹೆಚ್ಚಾಗಿ, ಹರುಕು ಸಿಗುತ್ತದೆ. ಚಿತ್ರದಲ್ಲಿ ಕಂಡದ್ದೇ ನೋವಿನ ಮೂಲ ಎಂದು ವರದಿಯೊಂದೇ ಹೇಳಲಾರದು. ಆದ್ದರಿಂದ ಮೂಳೆವೈದ್ಯರು ತೋಳಿನ ಬಲ ನೋಡುತ್ತಾರೆ. ನೋವಿನಿಂದ ಕೈ ಎತ್ತಲಾಗದ್ದು ಬೇರೆ, ಎಳೆಯುವ ರಜ್ಜುವೇ ಇಲ್ಲದೆ ಎತ್ತಲಾಗದ್ದು ಬೇರೆ. ಸಂದೇಹವಿದ್ದರೆ ಬರ್ಸಾಕ್ಕೆ ಮರಗಟ್ಟಿಸುವ ಔಷಧ ಚುಚ್ಚಿ ಮತ್ತೆ ಪರೀಕ್ಷಿಸುತ್ತಾರೆ. ನೋವು ಇಳಿದ ಮೇಲೂ ಕೈ ಬಿದ್ದುಹೋದರೆ ಅದು ನಿಜವಾದ ಬಲಹೀನತೆ. ಶಟಲ್‌ಗೆ ಜಿಗಿದು ಬಿದ್ದು, ಆ ದಿನದಿಂದಲೇ ಕೈ ಎತ್ತಲಾಗುತ್ತಿಲ್ಲ ಎಂದಾದರೆ ವ್ಯಾಯಾಮ ಮಾಡಿ ನೋಡೋಣ ಎಂದು ವಾರಗಳನ್ನು ಕಳೆಯಬಾರದು. ಹೊಸ ಹರುಕಿನ ತುದಿ ಹಿಂದೆ ಸರಿಯುವ ಮೊದಲೇ ಶಸ್ತ್ರವೈದ್ಯರನ್ನು ಕಾಣಬೇಕು.

ನಮ್ಮ ಆಟಗಾರರು ಬಿದ್ದಿರಲಿಲ್ಲ, ತೋಳಿನ ಬಲ ಬಹುಪಾಲು ಸರಿಯಿತ್ತು. ಶಸ್ತ್ರವೈದ್ಯರು ಎರಡೂ ದಾರಿ ತೆರೆದಿಟ್ಟರು. ಫುಲ್ ಥಿಕ್‌ನೆಸ್ ತೂತು ತಾನಾಗಿ ಮುಚ್ಚಿಕೊಳ್ಳುವುದನ್ನು ನೆಚ್ಚುವಂತಿಲ್ಲ, ಕೆಲವರಲ್ಲಿ ನಿಧಾನವಾಗಿ ಹಿಗ್ಗುತ್ತದೆ, ಆದರೆ ಸುತ್ತಲಿನ ಸ್ನಾಯುಗಳು ಬಲಗೊಂಡರೆ ನೋವಿಲ್ಲದೆ ಕೈ ಆಡಬಹುದು. ಅವರು ಮೂರು ತಿಂಗಳ ಫಿಸಿಯೋಥೆರಪಿ ಆರಿಸಿಕೊಂಡರು. ಅಷ್ಟು ದಿನ ಸ್ಮ್ಯಾಷ್ ಮತ್ತು ಕ್ಲಿಯರ್ ಇಲ್ಲ, ಸೊಂಟದ ಮಟ್ಟದ ಹೊಡೆತಗಳು ಮಾತ್ರ. ವರ್ಷದೊಳಗೆ ಮತ್ತೊಂದು ಚಿತ್ರ ತೆಗೆಸಬೇಕೆಂದು ಮಾತಾಯಿತು.

ಆ ಎರಡನೆಯ ಚಿತ್ರಕ್ಕೆ ಹೋಗುವಾಗ ಹಳೆಯ ವರದಿಯ ಹಾಳೆಯೊಂದನ್ನೇ ಒಯ್ದರೆ ಸಾಲದು, ಚಿತ್ರಗಳಿರುವ ಸಿಡಿಯನ್ನೂ ಒಯ್ಯಿರಿ ಎಂದು ಅವರಿಗೆ ಹೇಳಿ ಕಳಿಸಿದೆ. ಕಳೆದ ಬಾರಿ 8, ಈ ಬಾರಿ 9 ಎಂದು ಬಂದರೆ ತೂತು ಬೆಳೆದಿದೆ ಎಂದಾಗುವುದಿಲ್ಲ. ಗೆರೆಯನ್ನು ಪಕ್ಕದ ಪದರದಲ್ಲಿ ಎಳೆದರೂ ಅಷ್ಟು ವ್ಯತ್ಯಾಸ ಬರುತ್ತದೆ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಒಂದೇ ದಿಕ್ಕಿನಲ್ಲಿ ಅಳೆದು, ಸ್ನಾಯುವಿನಲ್ಲಿ ಹೊಸ ಕೊಬ್ಬಿನ ಗೆರೆ ಬಂದಿದೆಯೇ ಎಂದು ನೋಡಿದವರು ಮಾತ್ರ ಅದನ್ನು ಹೇಳಬಲ್ಲರು.