ಚಾರ್ಜರ್ ಕಾದು ಕರಗಿದರೆ ದುಡ್ಡು ವಾಪಸ್ ಕೇಳುವುದು ಹೇಗೆ?

‘ಕಳಪೆ ಮಾಲು, ದುಡ್ಡು ವಾಪಸ್ ಕೊಡಿ.’ ಆನ್‌ಲೈನ್‌ನಲ್ಲಿ ಕೊಂಡ ಚಾರ್ಜರ್ ಸುಟ್ಟಾಗ ಜಾಸ್ತಿ ಜನ ಇಷ್ಟೇ ಬರೆಯುತ್ತಾರೆ. ಆಗ ಮಾರಾಟಗಾರ ‘ಬೇರೆ ಕೇಬಲ್ ಹಾಕಿರಬೇಕು, ವೋಲ್ಟೇಜ್ ಏರುಪೇರಾಗಿರಬೇಕು’ ಎಂದು ಜಾರಿಕೊಳ್ಳುತ್ತಾನೆ. ಪತ್ರದಲ್ಲೇ ಆ ದಾರಿ ಮುಚ್ಚಬೇಕು.

ಮೊದಲು ಸ್ವಿಚ್ ಆರಿಸಿ, ತಣ್ಣಗಾದ ಮೇಲೆ ಕಿತ್ತಿಡಿ. ವಿಡಿಯೊ ಮಾಡೋಣ ಅಂತ ಮತ್ತೆ ಸಾಕೆಟ್‌ಗೆ ಹಾಕಲೇಬೇಡಿ. ಸುಟ್ಟ ಜಾಗ, ಪಿನ್ ಮತ್ತು ಮೈಮೇಲಿನ ಸಣ್ಣ ಅಕ್ಷರಗಳ ಫೋಟೊ ತೆಗೆಯಿರಿ. ಅಲ್ಲಿ ಸರ್ಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ಗುರುತಿನ ಜೊತೆ R- ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಅದನ್ನೂ ಪತ್ರದಲ್ಲಿ ಬರೆಯಿರಿ. ಆ ಗುರುತಿಲ್ಲದ ಚಾರ್ಜರ್ ಎಷ್ಟೇ ಅಗ್ಗವಾಗಲಿ, ಕೊಳ್ಳಬೇಡಿ.

ಎಲ್ಲಿ ಸುಟ್ಟಿದೆ ಎಂಬುದು ಮುಖ್ಯ. ಪಿನ್ ಬುಡ ಮಾತ್ರ ಕಪ್ಪಾಗಿದ್ದರೆ ನಿಮ್ಮ ಸಾಕೆಟ್ಟೇ ಸಡಿಲ ಇರಬಹುದು, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಪಿನ್ ಚೆನ್ನಾಗಿದ್ದು, ಕೇಬಲ್ ಸಿಕ್ಕಿಸುವ ಕಡೆ ಮೈ ಉಬ್ಬಿದ್ದರೆ ಅನುಮಾನ ಚಾರ್ಜರ್ ಒಳಗಿನ ಭಾಗಗಳ ಮೇಲೆ ಬರುತ್ತದೆ. ಚಾರ್ಜ್ ಆಗುವಾಗ ಬೆಚ್ಚಗಾಗುವುದು ಸಹಜ, ಹಾಗಾಗಿ ‘ತುಂಬಾ ಬಿಸಿ’ ಎಂದರೆ ಸಾಲದು.

ಮೇಲೆ ಆರ್ಡರ್ ಸಂಖ್ಯೆ, ದಿನಾಂಕ, ಕೊಟ್ಟ ಹಣ ಹಾಕಿ. ನಂತರ ಹೀಗೆ ಬರೆಯಿರಿ:

‘ಮಾರ್ಚ್ 3ರಂದು ತಲುಪಿದ ಈ ಚಾರ್ಜರನ್ನು ಅದರ ಜೊತೆ ಬಂದ ಕೇಬಲ್‌ನಲ್ಲೇ ಬಳಸಿದ್ದೇನೆ. ಮಾರ್ಚ್ 19ರ ರಾತ್ರಿ ಫೋನ್ ಚಾರ್ಜಿಗಿಟ್ಟ ಸುಮಾರು 20 ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಸ್ವಿಚ್ ಆರಿಸಿದ ಮೇಲೂ ಕೈಯಲ್ಲಿ ಹಿಡಿಯಲಾಗದಷ್ಟು ಕಾದಿತ್ತು. ಕೇಬಲ್ ಸಿಕ್ಕಿಸುವ ಕಡೆ ಪ್ಲಾಸ್ಟಿಕ್ ಉಬ್ಬಿದೆ, ಪಿನ್‌ಗಳು ಚೆನ್ನಾಗಿವೆ. ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ ಪರೀಕ್ಷಿಸಿದ್ದಾರೆ, ದೋಷವಿಲ್ಲ. ನನಗೆ ಬದಲಿ ಚಾರ್ಜರ್ ಬೇಡ. ಪೂರ್ತಿ ಹಣವನ್ನು ನಾನು ಪಾವತಿಸಿದ ಖಾತೆಗೇ ಮರಳಿಸಿ.’

ನಿಮಗೆ ಆದದ್ದನ್ನಷ್ಟೇ ಬರೆಯಿರಿ. ಬೈಗುಳ, ‘ಕೋರ್ಟಿಗೆ ಎಳೆಯುತ್ತೇನೆ’ ಎಂಬ ಮಾತು ಬೇಡ. ಕೊನೆಯಲ್ಲಿ ಒಂದೇ ಬೇಡಿಕೆ ಇರಲಿ. ‘ಹಣ ಅಥವಾ ಬದಲಿ’ ಎಂದು ಬರೆದರೆ ಅದೇ ಚಾರ್ಜರ್ ಮತ್ತೆ ಮನೆಗೆ ಬರುತ್ತದೆ.

ವಾಪಸ್ ಮಾಡುವ ಅವಧಿ ಮುಗಿಯಿತು ಎಂದರೆ ಸುಮ್ಮನಾಗಬೇಡಿ. ದೋಷವಿರುವ ವಸ್ತುವಿನ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳು ಹೇಳುತ್ತವೆ. ಈ ಸಾಲನ್ನು ಸೇರಿಸಿ, ಮಾರಾಟಗಾರನ ಜೊತೆಗೆ ತಾಣದ ಕುಂದುಕೊರತೆ ಅಧಿಕಾರಿಗೂ ಮೇಲ್ ಕಳಿಸಿ. ಚಾಟ್ ಮಾತ್ರ ನಂಬಬೇಡಿ. ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಚಾರ್ಜರ್ ಒಯ್ಯಲು ಬಂದವರಿಂದ ರಸೀದಿ ತೆಗೆದುಕೊಳ್ಳದೆ ಅದನ್ನು ಕೈಬಿಡಬೇಡಿ.