ಆಜೀವ ಸದಸ್ಯತ್ವದ ಹಣವನ್ನು ಹದಿನೈದು ವರ್ಷಕ್ಕೆ ಹಂಚಿದ ಕಥೆ

ದಾವಣಗೆರೆಯ ಒಂದು ಕ್ಲಬ್ಬಿನ ಲೆಕ್ಕ ನೋಡಿಕೊಳ್ಳುತ್ತೇನೆ. ಒಂದು ದಸರಾಕ್ಕೆ 20 ಜನ ಆಜೀವ ಸದಸ್ಯರಾದರು. ತಲಾ 60,000 ರೂಪಾಯಿ, ಒಟ್ಟು 12 ಲಕ್ಷ. ಕಮಿಟಿಯಲ್ಲಿದ್ದ ಮಂಡಿ ವ್ಯಾಪಾರಿಯೊಬ್ಬರು, "ದುಡ್ಡು ಬಂತಲ್ರೀ, ಈ ವರ್ಷದ ಆದಾಯಕ್ಕೇ ಹಾಕಿಬಿಡಿ" ಅಂದರು.

ನಾನು ಒಪ್ಪಲಿಲ್ಲ. ನಮ್ಮಲ್ಲಿ ಆಜೀವ ಸದಸ್ಯರು ವರ್ಷದ ಚಂದಾ ಕಟ್ಟುವುದಿಲ್ಲ. ಶಟಲ್ ಕೋರ್ಟ್, ಪೇಪರ್ ರೂಮ್ ಎಲ್ಲ ಅದೇ ಹಣದಲ್ಲಿ ಸೇರಿದೆ. ಕೋರ್ಟಿನ ಲೈಟ್ ಬಿಲ್ ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಈ ವರ್ಷ ಭಾರಿ ಉಳಿತಾಯ ತೋರಿಸಿದರೆ ಮುಂದೆ ಖರ್ಚಷ್ಟೇ ಉಳಿಯುತ್ತದೆ, ಅಲ್ವಾ? ಲೆಕ್ಕಪತ್ರ ಮಾನದಂಡ ಎಎಸ್ 9 ಕೂಡ ಇದನ್ನೇ ಹೇಳುತ್ತದೆ. ಶುಲ್ಕದಲ್ಲಿ ಸೇವೆಯೂ ಸೇರಿದ್ದರೆ, ಸೇವೆ ಕೊಡುವ ಕಾಲಕ್ಕೆ ತಕ್ಕಂತೆ ಆದಾಯ ಹಿಡಿಯಬೇಕು. ಕ್ಲಬ್ ಬರೀ ಸದಸ್ಯತ್ವ ಕೊಟ್ಟು ಮಿಕ್ಕಿದ್ದಕ್ಕೆಲ್ಲ ಬೇರೆ ದುಡ್ಡು ತೆಗೆದುಕೊಳ್ಳುವುದಾದರೆ, ಬಂದಾಗಲೇ ಆದಾಯ ಅನ್ನಬಹುದು.

ಎಷ್ಟು ವರ್ಷಕ್ಕೆ ಹಂಚುವುದು? ಹಳೇ ರಿಜಿಸ್ಟರ್ ತೆಗೆದು, ಆಜೀವ ಸದಸ್ಯರು ಸುಮಾರು ಎಷ್ಟು ಕಾಲ ಕ್ಲಬ್ಬಿಗೆ ಬರುತ್ತಾರೆ ಅಂತ ನೋಡಿದೆ. 15 ವರ್ಷ ಸರಿ ಅನ್ನಿಸಿತು. ಮಾಮೂಲಿ ಸದಸ್ಯರ ಚಂದಾ ವರ್ಷಕ್ಕೆ 4,000. ಅದಕ್ಕೂ ತಾಳೆಯಾಯಿತು. ಕಮಿಟಿಯಲ್ಲಿ ಠರಾವು ಮಾಡಿಸಿದೆ. ಇಲ್ಲದಿದ್ದರೆ ಮುಂದಿನ ಖಜಾಂಚಿ 10 ಅನ್ನುತ್ತಾರೆ, ಅವರ ನಂತರದವರು 20 ಅನ್ನುತ್ತಾರೆ.

ಎಲ್ಲರೂ ಸೇರಿದ್ದು ಅಕ್ಟೋಬರ್ 1ರಿಂದ. ಹಾಗಾಗಿ ಮಾರ್ಚ್ 31ಕ್ಕೆ ಅರ್ಧ ವರ್ಷದ ಪಾಲು, 40,000 ಮಾತ್ರ ಆದಾಯಕ್ಕೆ ಹೋಯಿತು. ಉಳಿದ 11,60,000 ಆಸ್ತಿ-ಹೊಣೆ ಪಟ್ಟಿಯಲ್ಲಿ ಹೊಣೆಯ ಕಡೆ ಕೂತಿತು. ಅದರಲ್ಲಿ ಮುಂದಿನ ವರ್ಷದ 80,000 ಬೇರೆ ತೋರಿಸಿದೆ. 18% ಜಿಎಸ್‌ಟಿ ಇದರಲ್ಲಿ ಸೇರಿಲ್ಲ. ಅದನ್ನು 60,000ದ ಮೇಲೆ ಬೇರೆಯಾಗಿ ವಸೂಲಿ ಮಾಡಿ, ಆಗಲೇ ಪೂರ್ತಿ ಕಟ್ಟಿಯಾಗಿತ್ತು. ತೆರಿಗೆಯನ್ನು ವರ್ಷಗಳಿಗೆ ಹಂಚಲು ಬರುವುದಿಲ್ಲ.

ಟ್ಯಾಲಿಯಲ್ಲಿ ಒಂದೇ ಜರ್ನಲ್ ಸಾಕು. ಆದರೆ ಪಕ್ಕದಲ್ಲಿ ಒಂದು ಶೀಟ್ ಇಡಲೇಬೇಕು. ಹೆಸರು, ಸೇರಿದ ದಿನ, ಆದಾಯಕ್ಕೆ ಹೋದದ್ದು, ಬಾಕಿ. ಶೀಟಿನ ಬಾಕಿ ಮೊತ್ತ ಲೆಡ್ಜರ್ ಜೊತೆ ತಾಳೆಯಾಗದಿದ್ದರೆ, ಸಾಮಾನ್ಯವಾಗಿ ಯಾರೋ ತೀರಿಕೊಂಡದ್ದೋ ಬಿಟ್ಟುಹೋದದ್ದೋ ಒಂದು ಕಡೆ ಮಾತ್ರ ಬರೆದಿರುತ್ತದೆ. ನಮ್ಮ ಬೈಲಾದಲ್ಲಿ ಹಣ ವಾಪಸ್ ಇಲ್ಲ. ಹಾಗಾಗಿ ಸದಸ್ಯರೊಬ್ಬರು ತೀರಿಕೊಂಡಾಗ, 14,000 ಆದಾಯಕ್ಕೆ ಹೋಗಿ ಉಳಿದಿದ್ದ 46,000ವನ್ನು ಆ ವರ್ಷವೇ ಆದಾಯಕ್ಕೆ ತಂದೆ. ಇನ್ನು ಅವರಿಗೆ ಕೊಡಬೇಕಾದ ಸೇವೆ ಇಲ್ಲವಲ್ಲ.

ಹೀಗೆ ಬರೆದ ಮಾತ್ರಕ್ಕೆ ದುಡ್ಡು ಉಳಿಯುವುದಿಲ್ಲ. ಪುಸ್ತಕದಲ್ಲಿ ಹೊಣೆ ಇದ್ದರೂ, ಕಮಿಟಿ ಆ ಹಣದಲ್ಲಿ ಸುಮ್ನೆ ಟೈಲ್ಸ್ ಹಾಕಿಸಬಹುದು. ಅದಕ್ಕೇ 11,60,000 ಎಫ್‌ಡಿ ಮಾಡಿಸಿ, ವರ್ಷಕ್ಕೆ 80,000 ಮಾತ್ರ ಬಿಡಿಸಬೇಕೆಂದು ಅದೇ ಠರಾವಿನಲ್ಲಿ ಸೇರಿಸಿದೆವು. ಬಡ್ಡಿ ಮಾತ್ರ ಆಯಾ ವರ್ಷದ ಆದಾಯ. ಮಂಡಿಯವರಿಗೆ ಅದೊಂದು ತುಂಬ ಹಿಡಿಸಿತು.