ದೋಟಿಯ ಪೋಸ್ಟರ್: ಓದು ಬಾರದವರಿಗಾಗಿ ಬರೆದ ಒಂದು ಚಿತ್ರದ ಕಥೆ

ಅಡಿಕೆ ಕೊನೆ ಕೊಯ್ಯಲು ಈಗ ನಮ್ಮ ಬದಿಯಡ್ಕ, ಪೆರ್ಲ ಕಡೆಯ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರವಾದದ್ದು, ಅರುವತ್ತು ಅಡಿಯವರೆಗೂ ಎತ್ತಬಹುದು, ಮರ ಹತ್ತುವ ಅಪಾಯವಿಲ್ಲ. ಆದರೆ ಅದು ಕಬ್ಬಿಣವಲ್ಲದ್ದರಿಂದ ಕರೆಂಟ್ ಹೊಡೆಯುವುದಿಲ್ಲ ಎಂದು ನಂಬಿದವರು ಬಹಳ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ಹಿಂದಿನ ಅಲ್ಯೂಮಿನಿಯಂ ದೋಟಿಯಷ್ಟೇ ಅಪಾಯಕಾರಿ.

ಎರಡು ವರ್ಷಗಳ ಹಿಂದೆ ಪಕ್ಕದ ತೋಟದಲ್ಲಿ ಒಡಿಶಾದ ಹುಡುಗನೊಬ್ಬ ಎತ್ತಿದ ದೋಟಿಯನ್ನು ಇಳಿಸದೆ ಮುಂದಿನ ಮರಕ್ಕೆ ನಡೆದ. ತಂತಿಗೆ ತಾಗಿತು. ಬದುಕಿ ಉಳಿದ, ಎರಡು ಅಂಗೈಗಳು ಸುಟ್ಟುಹೋದವು. ನನ್ನದು ಬ್ಯಾನರ್, ಬೋರ್ಡು ಮುದ್ರಿಸುವ ಸಣ್ಣ ಅಂಗಡಿ. ಊರಿನ ಕೆಲವು ಕೃಷಿಕರು ಬಂದು, "ಇವರಿಗೆ ಅರ್ಥವಾಗುವ ಹಾಗೆ ಒಂದು ಬೋರ್ಡು ಮಾಡಿಕೊಡಿ" ಎಂದರು. ಇವರು ಎಂದರೆ ಒಡಿಶಾ, ಬಂಗಾಳ, ಜಾರ್ಖಂಡ್‌ನಿಂದ ಬಂದವರು, ನಮ್ಮ ತುಳು, ಮಲಯಾಳ, ಕನ್ನಡದವರು. ಓದು ಬರುವವರು ಅರ್ಧದಷ್ಟೂ ಇರಲಿಲ್ಲ.

ಮೊದಲ ಚಿತ್ರವನ್ನು ನಾನು ಒಂದು ಸಂಜೆಯಲ್ಲಿ ಮುಗಿಸಿದೆ. ಹೆಲ್ಮೆಟ್, ಬೂಟು ಹಾಕಿದ ಮನುಷ್ಯ, ಕೈಯಲ್ಲಿ ದೋಟಿ, ಮೇಲೆ ಒಂದು ತಂತಿ, ಎಲ್ಲದರ ಮೇಲೂ ಕೆಂಪು ವೃತ್ತ ಮತ್ತು ಅಡ್ಡಗೆರೆ. ಕೆಳಗೆ ಐದು ಭಾಷೆಗಳಲ್ಲಿ ಎಚ್ಚರಿಕೆ. ಅದನ್ನು ಬಿಡಾರದ ಜಗಲಿಯಲ್ಲಿ ಹಿಡಿದು "ಗೊತ್ತಾಯಿತಾ?" ಎಂದು ಕೇಳಿದೆ. ಎಲ್ಲರೂ ತಲೆಯಾಡಿಸಿದರು. ಮೇಸ್ತ್ರಿ ತಾನೇ ಹಿಂದಿಯಲ್ಲಿ ವಿವರಿಸಿಬಿಟ್ಟ. ನನಗೆ ತಿಳಿದದ್ದು ಒಂದೇ: ಹೀಗೆ ಕೇಳಿದರೆ ಏನೂ ತಿಳಿಯುವುದಿಲ್ಲ.

ಮರುವಾರ ಒಬ್ಬೊಬ್ಬರನ್ನೇ ಕರೆದು ಕೂರಿಸಿದೆ. ಮೇಸ್ತ್ರಿಯನ್ನು ದೂರ ಕಳುಹಿಸಿದೆ. ಕೇಳಿದ್ದು ಎರಡೇ ಪ್ರಶ್ನೆ: ಇದರಲ್ಲಿ ಏನೇನು ಕಾಣುತ್ತದೆ? ಇದನ್ನು ನೋಡಿದ ಮೇಲೆ ನಾಳೆ ತೋಟದಲ್ಲಿ ಏನು ಮಾಡುತ್ತೀರಿ? ಅವರು ಹೇಳಿದ್ದನ್ನು ತಿದ್ದದೆ ಹಾಗೆಯೇ ಬರೆದುಕೊಂಡೆ. ಉತ್ತರಗಳನ್ನು ಕೇಳಿ ನನಗೆ ನಿದ್ದೆ ಬರಲಿಲ್ಲ. ತಂತಿ ಹಲವರ ಕಣ್ಣಿಗೆ ಬಟ್ಟೆ ಒಣಗಿಸುವ ಹಗ್ಗವಾಗಿತ್ತು. ಹೆಲ್ಮೆಟ್ ಹಾಕಿದವನು ಕಾರ್ಖಾನೆಯವನು, ನಮಗಲ್ಲ ಎಂದರು. ಕೆಂಪು ವೃತ್ತವನ್ನು ಒಬ್ಬರು ಚಕ್ರ ಎಂದರು. "ಇದು ಕಬ್ಬಿಣದ ಸಲಾಕೆ, ನಮ್ಮದು ಬೇರೆ, ಏನೂ ಆಗುವುದಿಲ್ಲ" ಎಂದವರು ಇಬ್ಬರು. ಈ ಕೊನೆಯ ಉತ್ತರವೇ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಪೋಸ್ಟರ್ ಅವರಿಗೆ ಅಪಾಯದ ಕಡೆಗೇ ಧೈರ್ಯ ಕೊಟ್ಟಿತ್ತು. ಅಮೆರಿಕದ ಸುರಕ್ಷತಾ ಚಿಹ್ನೆಗಳ ಮಾನದಂಡದಲ್ಲಿ ಇದಕ್ಕೆ ಪ್ರತ್ಯೇಕ ಲೆಕ್ಕವಿದೆ: ನೂರರಲ್ಲಿ 85 ಮಂದಿಗೆ ಸರಿಯಾಗಿ ಅರ್ಥವಾಗಬೇಕು, ಜೊತೆಗೆ ತಿರುಗಾಮುರುಗಾ ಅರ್ಥಮಾಡಿಕೊಂಡವರು 5ಕ್ಕಿಂತ ಹೆಚ್ಚಿರಬಾರದು. ನಾನು ಮಾತನಾಡಿಸಿದ್ದು ಇಪ್ಪತ್ತೇ ಜನರನ್ನು. ಅಷ್ಟರಲ್ಲಿ ಇಬ್ಬರು ಎಂದರೆ ನೂರಕ್ಕೆ ಹತ್ತು, ಮಿತಿಯ ಎರಡರಷ್ಟು.

ಎರಡನೆಯ ಚಿತ್ರಕ್ಕೆ ಮೊದಲು ತೋಟಕ್ಕೆ ಹೋಗಿ ಅರ್ಧ ದಿನ ನೋಡುತ್ತ ಕುಳಿತೆ. ಲುಂಗಿ ಎತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿದವನನ್ನೇ ಬರೆದೆ. ದೋಟಿಯನ್ನು ನಿಜದ ಹಾಗೆ ಕಪ್ಪಾಗಿ, ತುದಿಯಲ್ಲಿ ಕತ್ತಿಯೊಡನೆ ಬರೆದೆ. ಬರೀ ಗೆರೆಯಿಂದ ತಂತಿ ತಂತಿಯಾಗುವುದಿಲ್ಲ. ಕಂಬ, ಅಡ್ಡಪಟ್ಟಿ, ಪಿಂಗಾಣಿ ಬುರುಡೆಗಳು, ಮೂರು ತಂತಿ ಸೇರಿದಾಗ ಮಾತ್ರ ಅದು ಕರೆಂಟಿನ ಲೈನ್. ಕಂಬದ ಮೇಲೆ, ನಿಜವಾಗಿ ಇರುವ ಎತ್ತರದಲ್ಲೇ, ತಲೆಬುರುಡೆ ಮತ್ತು ಎಲುಬಿನ ಅಪಾಯದ ಫಲಕವನ್ನೂ ಇಟ್ಟೆ. ಬೇರೆ ಯಾವ ಚಿಹ್ನೆಯೂ ಎಲ್ಲ ಊರಿನವರಿಗೂ ಒಂದೇ ಅರ್ಥ ಕೊಡಲಿಲ್ಲ, ಇದು ಕೊಟ್ಟಿತು. ಟ್ರಾನ್ಸ್‌ಫಾರ್ಮರ್ ಬಳಿ ಎಲ್ಲರೂ ಚಿಕ್ಕಂದಿನಿಂದ ನೋಡಿದ್ದಾರೆ.

ಆಮೇಲೆ ಬಂದದ್ದು ಕ್ರಮದ ತೊಡಕು. ಎಡಕ್ಕೆ ತಪ್ಪು, ಬಲಕ್ಕೆ ಸರಿ ಎಂದು ಎರಡು ಚಿತ್ರ ಇಟ್ಟಿದ್ದೆ. ಎಡದಿಂದ ಬಲಕ್ಕೆ ನೋಡುವುದು ಓದು ಕಲಿತವರ ಅಭ್ಯಾಸ. ಬಂಗಾಳದ ಒಬ್ಬ ಹಿರಿಯರಿಗೆ ಓದಲು ಬರುತ್ತಿದ್ದುದು ಉರ್ದು ಮಾತ್ರ. ಅವರು ಬಲದಿಂದ ಶುರುಮಾಡಿ, "ಮೊದಲು ದೋಟಿ ಮಲಗಿಸಿ ತರಬೇಕು, ಆಮೇಲೆ ತಂತಿಯ ಹತ್ತಿರ ಎತ್ತಬೇಕು" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ನಾನು ಬರೆದದ್ದರಲ್ಲಿತ್ತು. ಆದ್ದರಿಂದ ಚಿತ್ರಗಳನ್ನು ಮೇಲೊಂದು ಕೆಳಗೊಂದು ಇಟ್ಟೆ, ನಡುವೆ ದಪ್ಪ ಕಪ್ಪು ಪಟ್ಟಿ. ಎರಡರಲ್ಲೂ ಅದೇ ತೋಟ, ಅದೇ ಕಂಬ. ಮೇಲಿನದರಲ್ಲಿ ದೋಟಿ ತಂತಿಗೆ ತಾಗಿದೆ, ಮನುಷ್ಯ ನೆಲಕ್ಕೆ ಬಿದ್ದಿದ್ದಾನೆ. ಕೆಳಗಿನದರಲ್ಲಿ ಇಬ್ಬರು ದೋಟಿಯನ್ನು ಮಲಗಿಸಿ ಹೊತ್ತು ಸಾಗುತ್ತಿದ್ದಾರೆ. ತಪ್ಪಿನ ಪರಿಣಾಮ ಚಿತ್ರದೊಳಗೇ ಇರುವುದರಿಂದ ಯಾವುದನ್ನು ಮೊದಲು ನೋಡಿದರೂ ಅರ್ಥ ಕೆಡುವುದಿಲ್ಲ. ಬಾಣದ ಗುರುತುಗಳನ್ನೆಲ್ಲ ತೆಗೆದುಹಾಕಿದೆ. ಅವು ಕೆಲವರಿಗೆ ಇನ್ನೊಂದು ದೋಟಿಯಂತೆ ಕಂಡಿದ್ದವು.

ಎಷ್ಟು ದೂರ ಎಂಬುದನ್ನು ಅಂಕಿಯಿಲ್ಲದೆ ಹೇಳಬೇಕಿತ್ತು. ನಲವತ್ತು ಅಡಿ ಆಚೆಯ ತಂತಿ ದೂರ ಎನಿಸುತ್ತದೆ, ಆದರೆ ಅರುವತ್ತು ಅಡಿಯ ದೋಟಿ ಗಾಳಿಗೆ ವಾಲಿ ಆ ಕಡೆಗೆ ಬಿದ್ದರೆ ತಂತಿಗೆ ತಾಗಿಯೇ ತಾಗುತ್ತದೆ. ಹಾಗಾಗಿ ದೋಟಿಯನ್ನೇ ಅಳತೆಗೋಲು ಮಾಡಿದೆವು. ಮರದ ಬುಡದಿಂದ ಲೈನಿನ ಕಡೆಗೆ ದೋಟಿಯನ್ನು ಪೂರ್ತಿ ಉದ್ದಕ್ಕೆ ನೆಲದಲ್ಲಿ ಮಲಗಿಸಿ. ಅದರ ತುದಿ ಮತ್ತು ತಂತಿಯ ಕೆಳಗಿನ ನೆಲದ ನಡುವೆ ಇನ್ನೂ ಎರಡು ಆಳುದ್ದ ಖಾಲಿ ಇರಬೇಕು. ಇಲ್ಲದಿದ್ದರೆ ಆ ಮರಕ್ಕೆ ದೋಟಿ ಎತ್ತಬಾರದು, ಲೈನ್ ಆಫ್ ಮಾಡಿಸಬೇಕು. ಇದು ಎರಡನೆಯ ಹಾಳೆಯಾಯಿತು. ಒಂದು ಹಾಳೆಗೆ ಒಂದೇ ಮಾತು. ಎರಡನ್ನೂ ಒಂದರಲ್ಲಿ ತುರುಕಿದಾಗ ಯಾರಿಗೂ ಯಾವುದೂ ನೆನಪುಳಿಯಲಿಲ್ಲ.

ಅಕ್ಷರಗಳನ್ನು ಚಿತ್ರದೊಳಗೆ ಎಲ್ಲಿಯೂ ಇಡಲಿಲ್ಲ. ಕೆಳಗೆ ಖಾಲಿ ಪಟ್ಟಿ ಬಿಟ್ಟು, ಆಯಾ ಬಿಡಾರದವರ ಭಾಷೆಯಲ್ಲಿ ಒಂದೇ ಸಾಲನ್ನು ಬೇರೆಯಾಗಿ ಮುದ್ರಿಸಿ ಅಂಟಿಸುತ್ತೇನೆ. ಪಟ್ಟಿಯ ಅಗಲವನ್ನು ಐದರಲ್ಲಿ ಅತಿ ಉದ್ದವಾದ ಮಲಯಾಳದ ಸಾಲಿಗೆ ಹೊಂದಿಸಿದ್ದೇನೆ. ಒಡಿಯಾದ ಒತ್ತಕ್ಷರಗಳು ನನ್ನ ಕಂಪ್ಯೂಟರಿನಲ್ಲಿ ಒಡೆದು ಬಂದಿದ್ದವು, ನನಗೆ ಗೊತ್ತೇ ಆಗಲಿಲ್ಲ. ಆ ಭಾಷೆ ಓದುವವರೊಬ್ಬರು ಕಾಗದದ ಮೇಲಿನ ಪ್ರತಿಯನ್ನು ಗಟ್ಟಿಯಾಗಿ ಓದಿ ತೋರಿಸುವವರೆಗೆ ಈಗ ಮುದ್ರಿಸುವುದಿಲ್ಲ. ಫೋನ್ ನಂಬರಿಗೆ ಎಲ್ಲ ಭಾಷೆಯಲ್ಲೂ ಮೊಬೈಲಿನ ಅಂಕಿಗಳೇ. ಬಂಗಾಳಿಯ ನಾಲ್ಕು ನೋಡಲು 8ರ ಹಾಗೆ, ಏಳು 9ರ ಹಾಗೆ ಇರುತ್ತದೆ. ಅವಸರದಲ್ಲಿ ಒಂದು ಅಂಕಿ ತಪ್ಪಿದರೂ ಸಹಾಯ ಸಿಗುವುದಿಲ್ಲ.

ಬೋರ್ಡುಗಳನ್ನು ದೋಟಿ ಒರಗಿಸಿಡುವ ಗೋಡೆಯಲ್ಲೇ, ಕಣ್ಣಿನ ಮಟ್ಟಕ್ಕೆ ಹಾಕಿಸಿದೆ. ಬೆಳಿಗ್ಗೆ ದೋಟಿ ಎತ್ತಿಕೊಳ್ಳುವ ಹೊತ್ತಿಗೆ ಅದು ಎದುರಿಗಿರಬೇಕು. ಮೇಲಿನ ಚಿತ್ರದ ಮೂಲೆಯಲ್ಲಿ ದೊಡ್ಡ ಕೆಂಪು ಗುಣಾಕಾರದ ಗುರುತು ಹಾಕಿದ್ದೆ, ಶಾಲೆಗೆ ಹೋದವರಿಗೆ ಅದರಿಂದ ಬೇಗ ತಿಳಿಯುತ್ತದೆ ಎಂದು.

ಕಳೆದ ಏಪ್ರಿಲ್‌ನಲ್ಲಿ ಪೆರ್ಲದ ಹತ್ತಿರದ ಒಂದು ತೋಟಕ್ಕೆ ಹೋದಾಗ, ಬಿಸಿಲು ಬೀಳುವ ಗೋಡೆಯ ಮೇಲಿನ ಬೋರ್ಡು ನೋಡಿ ಎದೆ ಧಸಕ್ಕೆಂದಿತು. ಬಿಸಿಲಿಗೆ ಕೆಂಪು ಪೂರ್ತಿ ಬಿಳಿಚಿಕೊಂಡಿತ್ತು, ಕಪ್ಪು ಗೆರೆಗಳು ಹಾಗೆಯೇ ಇದ್ದವು. ತಪ್ಪಿನ ಗುರುತು ಮಾಯವಾಗಿ, ತಂತಿಯವರೆಗೆ ಎತ್ತಿದ ದೋಟಿ ಸ್ಪಷ್ಟವಾಗಿ ಉಳಿದಿತ್ತು. ಬಿದ್ದ ಮನುಷ್ಯನ ಚಿತ್ರ ಇರದಿದ್ದರೆ ಅದು ಎತ್ತಿ ಎಂದೇ ಹೇಳುತ್ತಿತ್ತು. ಅಂದೇ ಎಲ್ಲ ಬೋರ್ಡುಗಳನ್ನೂ ವಾಪಸು ತರಿಸಿದೆ. ಈಗ ಗುರುತಿನ ಸುತ್ತ ಬೆರಳಗಲದ ಕಪ್ಪು ಅಂಚು ಇದೆ, ಮೇಲೆ ಬಿಸಿಲು ತಡೆಯುವ ಲ್ಯಾಮಿನೇಷನ್ ಇದೆ, ಹಿಂಬದಿಯಲ್ಲಿ ಮುದ್ರಿಸಿದ ತಿಂಗಳು ಬರೆದಿದೆ. ಪ್ರತಿ ಕೊಯ್ಲಿಗೆ ಮೊದಲು ಒಂದು ಸುತ್ತು ಹೋಗಿ ನೋಡಿ ಬರುತ್ತೇನೆ, ಹೊಸಬರು ಯಾರಾದರೂ ಬಂದಿದ್ದರೆ ಅವರನ್ನೂ ಒಬ್ಬೊಬ್ಬರಾಗಿ ಕೂರಿಸಿ ಆ ಎರಡು ಪ್ರಶ್ನೆ ಕೇಳುತ್ತೇನೆ.